ಅಟ್ಟದಿಂದ ಇಳಿಸಿದ 61 ಸಾಮಾನು: ಮನೆ ಬದಲಿಸುವ ಮುಂಚಿನ ಐದು ವಾರ

ಹೊರಡಲು 35 ದಿನ

ಅಟ್ಟದ ಮೇಲಿದ್ದದ್ದನ್ನೆಲ್ಲ ಇವತ್ತು ಕೆಳಗೆ ಇಳಿಸಿದೆವು. ಬಟ್ಟೆ, ಪುಸ್ತಕ, ಪಾತ್ರೆ ಈ ದಿನಚರಿಯಲ್ಲಿಲ್ಲ. ಅವನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ನೋಡಿದ ಕೂಡಲೇ ಹೇಳಬಹುದು. ನನಗೆ ಯಾವಾಗಲೂ ತಲೆನೋವು ಎರಡೇ ಜಾತಿ: ಪ್ಲಗ್ ಇರುವ ಸಾಮಾನು, ಕಾಲಿರುವ ಸಾಮಾನು. ಅಂದರೆ ಕರೆಂಟಿನವು ಮತ್ತು ಮರದವು. ಎಣಿಸಿದಾಗ 61 ಇದ್ದವು. ವೈರುಗಳ ಡಬ್ಬವನ್ನು ಒಂದೇ ಅಂತ ಲೆಕ್ಕ ಹಿಡಿದೆ, ಇಲ್ಲದಿದ್ದರೆ ಮರ್ಯಾದೆ ಹೋಗುತ್ತಿತ್ತು.

ನೆಲದ ಮೇಲೆ ಸೀಮೆಸುಣ್ಣದಿಂದ ಐದು ಚೌಕ ಬರೆದೆ. ಇಟ್ಟುಕೋ, ಮಾರು, ಕೊಡು, ರಿಪೇರಿ, ಎಸೆ. ಅರ್ಧ ಗಂಟೆಯಲ್ಲಿ ಚೌಕದ ಹೊರಗೆ ಯಾರೂ ಕರೆಯದ ಆರನೇ ಗುಡ್ಡೆಯೊಂದು ಎದ್ದಿತ್ತು. ಅದರ ಹೆಸರು ‘ನೋಡೋಣ’. ಸಂಜೆಗೆ ಅದರಲ್ಲಿ 27 ಸಾಮಾನು ಸೇರಿದ್ದವು, ಉಳಿದ ಯಾವ ಗುಡ್ಡೆಯಲ್ಲೂ ಅಷ್ಟಿರಲಿಲ್ಲ.

ಅದನ್ನೇ ದಿಟ್ಟಿಸಿಕೊಂಡು ಕೂತಾಗ ಒಂದು ವಿಷಯ ಹೊಳೆಯಿತು. ಪ್ರತಿ ‘ನೋಡೋಣ’ದ ಹಿಂದೆ ನಾನು ಕೇಳದೇ ಬಿಟ್ಟ ಒಂದು ಪ್ರಶ್ನೆ ಇದೆ. ಫ್ಯಾನು ಯಾಕೆ ತಿರುಗುತ್ತಿಲ್ಲ? ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಉಳಿದಿದೆ? ಬೀರು ಹೊಸ ಮನೆಯ ಕೋಣೆಯೊಳಗೆ ಹೋಗುತ್ತಾ? ಹಾಗಾಗಿ ಪೇಂಟಿನವರು ಅಂಚಿಗೆ ಅಂಟಿಸುವ ಕಾಗದದ ಟೇಪು ತಂದು, ಪ್ರತಿ ಸಾಮಾನಿನ ಮೇಲೂ ಒಂದು ತುಂಡು ಹಚ್ಚಿದೆ. ಅದರ ಮೇಲೆ ಒಂದೇ ಪ್ರಶ್ನೆ ಬರೆದೆ, ಉತ್ತರ ಸಿಕ್ಕರೆ ಆ ಸಾಮಾನಿನ ದಾರಿ ತೀರ್ಮಾನವಾಗಬೇಕು ಅಂಥದ್ದು. ಪ್ರಶ್ನೆಯೇ ತೋಚದ ನಾಲ್ಕು ಸಾಮಾನುಗಳು ಆಗಲೇ ‘ಎಸೆ’ ಕಡೆಗೆ ಹೋದವು.

ಆಮೇಲೆ ತಾರೀಖು. ಇದನ್ನು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ ಹಾಕಬೇಕು. ರಿಪೇರಿಯಾದದ್ದು ಮಾರಾಟಕ್ಕೆ ಹೋಗಬಹುದು. ಮಾರಾಟವಾಗದ್ದು ದಾನಕ್ಕೆ. ಅವರೂ ಬೇಡ ಅಂದದ್ದು ಗುಜರಿಗೋ ಇ-ತ್ಯಾಜ್ಯಕ್ಕೋ. ಮೆಟ್ಟಿಲ ಮೇಲಿಂದ ನೀರು ಇಳಿದ ಹಾಗೆ ಇಳಿಯುತ್ತದೆ. ಹಾಗಾಗಿ ರಿಪೇರಿ 18 ದಿನ ಇರುವಾಗ ಬಂದ್. ಮಾರಾಟ 7 ದಿನ ಇರುವಾಗ ಬಂದ್. ದಾನ 4 ದಿನ ಇರುವಾಗ. ಎಸೆಯುವುದು ಎಲ್ಲಕ್ಕಿಂತ ಕೊನೆಗೆ, 2 ದಿನ ಇರುವಾಗ. ಹಿಂದಿನ ಸಲ ಮನೆ ಬದಲಿಸಿದಾಗ ಎಲ್ಲವನ್ನೂ ಕೊನೇ ವಾರಕ್ಕೆ ಇಟ್ಟುಕೊಂಡಿದ್ದೆ. ಕೆಟ್ಟ ಸಾಮಾನನ್ನೂ ಲಾರಿಗೆ ಹೇರಿಕೊಂಡು ಹೋಗಿ ಹೊಸ ಅಟ್ಟಕ್ಕೆ ಏರಿಸಿದ್ದೆವು. ಇವತ್ತು ಇಳಿಸಿದ್ದು ಅವೇ.

ಹೊರಡಲು 33 ದಿನ: ಸ್ಟ್ಯಾಂಡ್ ಫ್ಯಾನು

ಟೇಪಿನ ಮೇಲೆ: “ಯಾಕೆ ತಾನಾಗಿ ತಿರುಗಲ್ಲ?”

ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ರೆಕ್ಕೆ ಅಲ್ಲಾಡುವುದಿಲ್ಲ. ಕೈಯಿಂದ ಒಂದು ಸಲ ತಳ್ಳಿದರೆ ಸೋಮಾರಿ ಹಾಗೆ ತಿರುಗಲು ಶುರು ಮಾಡುತ್ತದೆ. ಹೀಗಾದರೆ ಅನುಮಾನ ಇಬ್ಬರ ಮೇಲೆ ಮಾತ್ರ. ಒಂದು, ಶಾಫ್ಟ್ ಕೂರುವ ಬುಷ್ ಒಣಗಿರಬೇಕು. ಇಲ್ಲ ಕೆಪಾಸಿಟರ್ ಸೊರಗಿರಬೇಕು. ಮೋಟರಿನ ಸುರುಳಿ ಸುಟ್ಟಿದ್ದರೆ ಸಾಮಾನ್ಯವಾಗಿ ಕಮಟು ವಾಸನೆ ಇರುತ್ತದೆ. ಇದಕ್ಕಿರಲಿಲ್ಲ.

ಇಬ್ಬರಲ್ಲಿ ಯಾರು ಅಂತ ತಿಳಿಯಲು ಯಾವ ಉಪಕರಣವೂ ಬೇಡ. ಪ್ಲಗ್ ಕಿತ್ತು, ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ಬಿಡಬೇಕು. ನಾಲ್ಕೈದು ಸುತ್ತು ತಾನೇ ತಿರುಗಿ ನಿಧಾನಕ್ಕೆ ನಿಂತರೆ ಬುಷ್ ಚೆನ್ನಾಗಿದೆ. ನನ್ನದು ಅರ್ಧ ಸುತ್ತಿಗೇ ಗಕ್ಕನೆ ನಿಂತಿತು.

ಬಿಚ್ಚುವಾಗ ಒಂದು ತಪ್ಪು ಮಾಡಿದೆ. ಮುಂದಿನ ಜಾಲರಿ ತೆಗೆದರೆ ರೆಕ್ಕೆಯನ್ನು ಹಿಡಿದಿರುವ ಪ್ಲಾಸ್ಟಿಕ್ ಟೋಪಿ ಸಿಗುತ್ತದೆ. ಅಭ್ಯಾಸಬಲದಿಂದ ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ಜೋರಾಗಿ ತಿರುಗಿಸಿದೆ, ಚಟ್ ಅಂತ ಸಣ್ಣ ಬಿರುಕು. ಫ್ಯಾನಿನ ರೆಕ್ಕೆಯ ಟೋಪಿಗೆ ಉಲ್ಟಾ ಮರೆ ಇರುತ್ತದೆ, ತಿರುಗುವಾಗ ಸಡಿಲವಾಗದಿರಲಿ ಅಂತ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿದ್ದ ವಿಷಯವೇ. ಕೈಗೆ ಮಾತ್ರ ಗೊತ್ತಿರಲಿಲ್ಲ.

ರೆಕ್ಕೆ ತೆಗೆದ ಮೇಲೆ ಶಾಫ್ಟಿನ ಬುಡದಲ್ಲಿ ಬೆರಳುಂಗುರದ ಹಾಗೆ ಕೂದಲು ಸುತ್ತಿಕೊಂಡಿತ್ತು. ಕಪ್ಪು ಕೂದಲು, ಬಿಳಿ ಕೂದಲು, ಒಂದು ಹಸಿರು ದಾರ, ಎಲ್ಲ ಸೇರಿ ಗಟ್ಟಿ ಹಗ್ಗವಾಗಿತ್ತು. ಚಿಮುಟದಿಂದ ಎಳೆದಷ್ಟೂ ಬಂತು. ಅದರ ಕೆಳಗೆ ಹಳೇ ಎಣ್ಣೆ ಜೇನುಮೇಣದ ಹಾಗೆ ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಶಾಫ್ಟ್ ಒರೆಸಿ, ಒಣಗಲು ಬಿಟ್ಟೆ. ಆಮೇಲೆ ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆ, ಮುಂದೆ ಮೂರು ಹನಿ, ಹಿಂದೆ ಮೂರು ಹನಿ. ಈ ಬುಷ್ ಸಣ್ಣ ಸಣ್ಣ ರಂಧ್ರಗಳಿರುವ ಕಂಚಿನದು, ಎಣ್ಣೆಯನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಸುತ್ತಲಿನ ಉಣ್ಣೆಯ ತುಂಡು ಅದಕ್ಕೆ ಟ್ಯಾಂಕಿ ಇದ್ದ ಹಾಗೆ. ಅಡುಗೆ ಎಣ್ಣೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಅವತ್ತು ಚೆನ್ನಾಗಿ ತಿರುಗುತ್ತದೆ, ಆದರೆ ಅದು ಬೇಗ ಆವಿಯಾಗಿ ಹೋಗಿ ಬುಷ್ ಮೊದಲಿಗಿಂತ ಒಣಗುತ್ತದೆ.

ಈಗ ಬೆರಳಿಂದ ತಿರುಗಿಸಿದರೆ ಆರು ಸುತ್ತು. ಸ್ವಿಚ್ ಹಾಕಿದೆ. ಮೂರನೇ ಸ್ಪೀಡಿನಲ್ಲಿ ತಾನಾಗಿ ತಿರುಗಿತು, ಒಂದರಲ್ಲಿ ಮತ್ತೆ ಗುಂಯ್.

ಅಂದರೆ ಇಬ್ಬರೂ ಕಳ್ಳರೇ. ಕೆಪಾಸಿಟರ್ ಮೋಟರಿನ ಹಿಂದಿನ ಮುಚ್ಚಳದೊಳಗಿತ್ತು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸ್ವಲ್ಪ ಚಾರ್ಜ್ ಉಳಿದಿರಬಹುದು. ಅದಕ್ಕೆ ಎರಡೂ ತುದಿಗೆ 10 ಕಿಲೋ ಓಮಿನ ರೆಸಿಸ್ಟರ್ ತಾಗಿಸಿ ಒಂದೆರಡು ಸೆಕೆಂಡ್ ಹಿಡಿದೆ. ಹಿಡಿಯುವುದು ಇನ್ಸುಲೇಶನ್ ಇರುವ ಇಕ್ಕಳದಿಂದ, ಬರಿಗೈಯಿಂದ ಅಲ್ಲ. ಮೈಮೇಲೆ 2.5 ಮೈಕ್ರೋಫ್ಯಾರಡ್, ಐದು ಪರ್ಸೆಂಟ್ ಹೆಚ್ಚುಕಮ್ಮಿ ಅಂತ ಬರೆದಿತ್ತು. ಅಂದರೆ 2.38ಕ್ಕಿಂತ ಕೆಳಗೆ ಇಳಿಯಬಾರದು. ಮೀಟರ್ ತೋರಿಸಿದ್ದು 1.6. ತಿರುಗಲು ಶುರು ಮಾಡುವಾಗ ಬೇಕಾದ ಆ ಮೊದಲ ತಳ್ಳು ಇಲ್ಲಿಂದಲೇ ಬರುವುದು. ಅದಕ್ಕೇ ಇಷ್ಟು ದಿನ ನಾವು ಕೈಯಿಂದ ತಳ್ಳುತ್ತಿದ್ದೆವು.

ಹೊಸದನ್ನು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟಿನ ಅಂಕಿ ಅಷ್ಟೇ ಅಥವಾ ಜಾಸ್ತಿ ಇದ್ದರೆ ಪರವಾಗಿಲ್ಲ. “ದೊಡ್ಡದು ಹಾಕಿ, ಜೋರಾಗಿ ತಿರುಗುತ್ತೆ” ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡದು ಹಾಕಿದರೆ ಎರಡನೇ ಸುರುಳಿಯಲ್ಲಿ ಕರೆಂಟು ಜಾಸ್ತಿ ಹರಿದು ಮೋಟರು ಬಿಸಿಯಾಗುತ್ತದೆ.

ಹಾಕಿದ ಮೇಲೆ ಒಂದನೇ ಸ್ಪೀಡಿನಲ್ಲೂ ತಾನಾಗಿ ಎದ್ದಿತು. ಎರಡು ಗಂಟೆ ಓಡಿಸಿ ಮೋಟರಿನ ಮೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಕೈ ಇಟ್ಟುಕೊಂಡಿರಬಹುದಾದಷ್ಟು. ವೈರನ್ನು ಇಂಚಿಂಚಿಗೂ ಬಗ್ಗಿಸಿ ನೋಡಿದೆ, ಫ್ಯಾನಿನೊಳಗೆ ಹೋಗುವ ಜಾಗದಲ್ಲಿ ಮತ್ತು ಪ್ಲಗ್ಗಿನ ಹತ್ತಿರ ಎರಡೆರಡು ಸಲ. ಬೇರೆಯವರಿಗೆ ಕೊಡುವ ಸಾಮಾನಿನಲ್ಲಿ ವೈರ್ ಬಿರಿದಿದ್ದರೆ ಅದು ದಾನವಲ್ಲ, ಅಪಾಯ. ಸದ್ಯ, ಚೆನ್ನಾಗಿತ್ತು.

ಎರಡೂವರೆ ಗಂಟೆ ಹಿಡಿಯಿತು. ಟೋಪಿಗೆ ಬಿರುಕು ಬಿಟ್ಟದ್ದರಿಂದ ಮಾರಲು ಮನಸ್ಸಾಗಲಿಲ್ಲ. ಹೊಸ ಟೋಪಿ ಸಿಕ್ಕರೆ ಹಾಕಿ ‘ಕೊಡು’ ಅಂತ ಟೇಪು ಬದಲಿಸಿದೆ.

ಹೊರಡಲು 29 ದಿನ: ಲ್ಯಾಪ್‌ಟಾಪ್

ಟೇಪಿನ ಮೇಲೆ: “ಬ್ಯಾಟರಿ ಎಷ್ಟು ಉಳಿದಿದೆ?”

ಪ್ರಶ್ನೆಯೇ ತಪ್ಪಿತ್ತು ಅಂತ ಆಮೇಲೆ ಗೊತ್ತಾಯಿತು. ಮೊದಲು ನಾನು ಕಮಾಂಡ್ ಪ್ರಾಂಪ್ಟ್ ತೆರೆದು ಟೈಪ್ ಮಾಡಿದ್ದು ಇದು:

```
powercfg /batteryreport
```

ವಿಂಡೋಸ್ ಇದಕ್ಕೆ ಉತ್ತರವಾಗಿ `battery-report.html` ಅಂತ ಒಂದು ಫೈಲ್ ಮಾಡಿಡುತ್ತದೆ. ಅದರಲ್ಲಿ ಎರಡು ಅಂಕಿ ನೋಡಿದರೆ ಸಾಕು. `DESIGN CAPACITY` ಹೊಸದಾಗಿದ್ದಾಗಿನ ಶಕ್ತಿ, `FULL CHARGE CAPACITY` ಈಗ ಪೂರ್ತಿ ಚಾರ್ಜ್ ಮಾಡಿದರೆ ಹಿಡಿಯುವ ಶಕ್ತಿ. ನನ್ನದರಲ್ಲಿ 41,440 ಇದ್ದದ್ದು 17,820ಕ್ಕೆ ಇಳಿದಿತ್ತು, ಸುಮಾರು 43 ಪರ್ಸೆಂಟ್. ಹಳೇದು, ಆದರೂ ಓಡುತ್ತದೆ, ಹಾಗೇ ಮಾರಿಬಿಡೋಣ ಅಂದುಕೊಂಡೆ.

ಫೋಟೊ ತೆಗೆಯಲು ಮೇಜಿನ ಮೇಲೆ ಇಟ್ಟೆ. ಲ್ಯಾಪ್‌ಟಾಪು ಕುಂಟು ಕುರ್ಚಿಯ ಹಾಗೆ ಅತ್ತಿತ್ತ ಆಡಿತು. ಮುಚ್ಚಿದರೆ ಮುಚ್ಚಳ ಪೂರ್ತಿ ಕೂರುತ್ತಿಲ್ಲ. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಕೆಳಗಿನಿಂದ ಏನೋ ನೂಕುತ್ತಿದೆ. ಅಡಿಯ ತಗಡಿನ ಮೇಲೆ ಸ್ಕೇಲ್ ಇಟ್ಟರೆ ನಡುವೆ ಉಬ್ಬು ಕಾಣುತ್ತಿತ್ತು.

ಬ್ಯಾಟರಿ ಊದಿತ್ತು. ಲಿಥಿಯಂ ಬ್ಯಾಟರಿ ಹಳೆಯದಾದಾಗ ಒಳಗಿನ ದ್ರವ ಒಡೆದು ಅನಿಲ ಹುಟ್ಟಬಹುದು. ಹೋಗಲು ದಾರಿ ಇಲ್ಲ, ಹಾಗಾಗಿ ಚೀಲ ಉಬ್ಬುತ್ತದೆ. ಆ ವರದಿಯ ಅಂಕಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು ಶಕ್ತಿ, ಆಕಾರವಲ್ಲ. ಹಳೇ ಲ್ಯಾಪ್‌ಟಾಪು, ಫೋನು ಮಾರುವ ಮುಂಚೆ ಮೊದಲು ಸಮನಾದ ಮೇಜಿನ ಮೇಲೆ ಇಟ್ಟು ಅಲ್ಲಾಡಿಸಿ ನೋಡಿ. ಕಮಾಂಡ್ ಆಮೇಲೆ.

ಅಲ್ಲಿಂದ ಮುಂದೆ ಚಾರ್ಜರ್ ಹಾಕಲಿಲ್ಲ. ಆಫ್ ಮಾಡಿ ತಣ್ಣಗಾಗಲು ಬಿಟ್ಟೆ. ಅಡಿಯ ಸ್ಕ್ರೂಗಳನ್ನು ಬಿಚ್ಚಿ, ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ. ಉದ್ದ ಬೇರೆ ಬೇರೆ ಇರುತ್ತವೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಬೋರ್ಡಿಗೆ ಚುಚ್ಚುತ್ತದೆ. ತಗಡು ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ, ಪ್ಲಾಸ್ಟಿಕ್ ಕಡ್ಡಿಯಿಂದ. ಆಮೇಲೆ ಬ್ಯಾಟರಿಯ ನಾಲ್ಕು ಸ್ಕ್ರೂ. ಅದು ತಾನೇ ಮೇಲೆದ್ದು ಬಂತು, ಸಣ್ಣ ದಿಂಬಿನ ಹಾಗೆ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿಯನ್ನು ಅಂಟಿಸಿರುತ್ತಾರೆ. ಅಂಥದ್ದಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಊದಿದ ಚೀಲದ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುವುದು, ಚುಚ್ಚಿ ಗಾಳಿ ಬಿಡುವುದು, ಒತ್ತಿ ಚಪ್ಪಟೆ ಮಾಡುವುದು ಎಲ್ಲವೂ ಬೆಂಕಿಗೆ ದಾರಿ.

ಕನೆಕ್ಟರಿನ ಬಾಯಿಗೆ ಟೇಪು ಸುತ್ತಿದೆ. ಒಂದು ತಗಡಿನ ಡಬ್ಬಕ್ಕೆ ಒಣ ಮರಳು ಹಾಕಿ, ಬ್ಯಾಟರಿ ಇಟ್ಟು, ಮೇಲೂ ಮರಳು ಮುಚ್ಚಿದೆ. ಮುಚ್ಚಳ ಸುಮ್ನೆ ಮೇಲಿಟ್ಟೆ, ಬಿಗಿ ಮಾಡಲಿಲ್ಲ, ಅನಿಲ ಬಂದರೆ ಹೊರಗೆ ಹೋಗಬೇಕಲ್ವಾ. ಡಬ್ಬ ಮನೆಯೊಳಗಲ್ಲ, ಬಾಲ್ಕನಿಯ ನೆರಳಿನಲ್ಲಿ.

“ರೀ, ಇದನ್ನ ಕಸದವರಿಗೆ ಕೊಟ್ಟರೆ ಆಗಲ್ವಾ?” ಅಂದಳು ಹೆಂಡತಿ. ಆಗುವುದಿಲ್ಲ. ಕಸದ ಗಾಡಿಯಲ್ಲಿ ಎಲ್ಲವನ್ನೂ ಒತ್ತಿ ಅಪ್ಪಚ್ಚಿ ಮಾಡುತ್ತಾರೆ. ಅಲ್ಲಿ ಒಳಗಿನ ಪದರ ಹರಿದು ಶಾರ್ಟ್ ಆದರೆ ಗಾಡಿ ತುಂಬ ಕಾಗದದ ನಡುವೆ ಬೆಂಕಿ ಹೊತ್ತುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಒಂದು ಕಡೆಗೆ ಫೋನ್ ಮಾಡಿದೆ. ಬ್ಯಾಟರಿ ತಗೋತೀವಿ, ಊದಿದ್ದಾದರೆ ಬೇಡ ಅಂದರು. ಎರಡನೆಯವರು ಒಪ್ಪಿದರು, ಆದರೆ ಬೇರೆ ಸಾಮಾನಿನ ಜೊತೆ ಚೀಲದಲ್ಲಿ ಹಾಕಿ ತರಬೇಡಿ, ಕೈಗೆ ಕೊಡುವಾಗ ಬಾಯಿಬಿಟ್ಟು ಹೇಳಿ ಅಂದರು. ಫೋನ್ ಮಾಡದೆ ಹೋಗಿದ್ದರೆ ಆ ಡಬ್ಬ ಹಿಡಿದುಕೊಂಡು ಊರೆಲ್ಲ ಸುತ್ತಬೇಕಿತ್ತು.

ಹೊರಡಲು 28 ದಿನ: ಲ್ಯಾಪ್‌ಟಾಪು, ಮುಂದುವರಿದದ್ದು

ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರಿನ ಮೇಲೆ ಹಾಕಿದೆ. ಓಡಿತು. ಎಲ್ಲವೂ ಓಡುವುದಿಲ್ಲ, ಕೆಲವು ಎದ್ದೇಳುವುದೇ ಇಲ್ಲ, ಇನ್ನು ಕೆಲವು ನಿಧಾನವಾಗುತ್ತವೆ. ಓಡಿದ್ದರಿಂದ ಇದು ‘ಮಾರು’ ಗುಂಪಿಗೆ ವಾಪಸು ಬಂತು.

ಉಳಿದದ್ದು ಡಿಸ್ಕ್. ಇದರಲ್ಲಿರುವುದು ಒಳಗೆ ತಟ್ಟೆ ತಿರುಗುವ ಹಳೇ ಥರದ 500 ಜಿಬಿ ಹಾರ್ಡ್ ಡಿಸ್ಕ್. ಫೈಲ್ ಅಳಿಸಿದರೆ, ಕೊನೆಗೆ ಮಾಮೂಲಿ ಫಾರ್ಮ್ಯಾಟ್ ಮಾಡಿದರೂ, ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ ಆಗಬಹುದು. ಪುಟಗಳು ಹಾಗೇ ಉಳಿದಿರುತ್ತವೆ, ಪುಕ್ಕಟೆ ಸಿಗುವ ಸಾಫ್ಟ್‌ವೇರಿನಿಂದ ವಾಪಸು ತೆಗೆಯಬಹುದು. ಎಲ್ಲ ಜಾಗದ ಮೇಲೂ ಸೊನ್ನೆ ಬರೆದರೆ ಮಾತ್ರ ಹೋಗುತ್ತದೆ.

ಮೊದಲು ಫೋಟೊಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ಕಾಪಿ ಆಯಿತು ಅಂತ ಸ್ಕ್ರೀನ್ ಹೇಳಿದ್ದನ್ನು ನಂಬದೆ, ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಅಲ್ಲಲ್ಲಿ ಇಪ್ಪತ್ತು ಫೋಟೊ ತೆರೆದು ನೋಡಿದೆ. ಆಮೇಲೆ ಲ್ಯಾಪ್‌ಟಾಪಿನ ಡಿಸ್ಕ್ ಕಳಚಿ, ಯುಎಸ್‌ಬಿ ಅಡಾಪ್ಟರಿನಿಂದ ಅದೇ ಕಂಪ್ಯೂಟರಿಗೆ ಜೋಡಿಸಿದೆ.

```
diskpart
list disk
select disk 2
clean all
```

ಇಲ್ಲಿ ಉಸಿರು ಹಿಡಿದುಕೊಳ್ಳಬೇಕಾದದ್ದು ಮೂರನೇ ಸಾಲಿನಲ್ಲಿ. 2 ಅನ್ನುವುದು ನನ್ನ ಕಂಪ್ಯೂಟರಿನಲ್ಲಿ ಬಂದ ಸಂಖ್ಯೆ, ನಿಮ್ಮದರಲ್ಲಿ ಬೇರೆ ಇರಬಹುದು. ತಪ್ಪು ಸಂಖ್ಯೆ ಕೊಟ್ಟರೆ ಈಗ ತಾನೇ ಕಾಪಿ ಮಾಡಿಟ್ಟ ಡಿಸ್ಕೇ ಅಳಿಯುತ್ತದೆ, ಯಾರೂ ಮತ್ತೊಮ್ಮೆ ಕೇಳುವುದಿಲ್ಲ. ಅದಕ್ಕೇ ಕಾಪಿ ಇರುವ ಡಿಸ್ಕನ್ನು ಮೊದಲೇ ಕಿತ್ತಿಟ್ಟಿದ್ದೆ, ಆಮೇಲೆ `list disk` ತೋರಿಸಿದ ಗಾತ್ರ ನೋಡಿ ಗುರುತು ಹಿಡಿದೆ. ಬರೀ `clean` ಅಂದರೆ ಪರಿವಿಡಿ ಮಾತ್ರ ಹೋಗುತ್ತದೆ, `clean all` ಅಂದರೆ ಕೊನೆಯವರೆಗೂ ಸೊನ್ನೆ ಬರೆಯುತ್ತದೆ. ಎರಡು ಗಂಟೆ ಹತ್ತಿರ ಹಿಡಿಯಿತು. ಅಷ್ಟು ಹೊತ್ತೂ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಕೆಟ್ಟಿತು ಅಂದುಕೊಂಡು ಕೀಳಬೇಡಿ. ಎಸ್‌ಎಸ್‌ಡಿ ಆಗಿದ್ದರೆ ಈ ದಾರಿ ಪೂರ್ತಿ ನಂಬಿಕೆಯದಲ್ಲ. ಅದು ಬರೆಯುವ ಜಾಗವನ್ನು ತಾನೇ ಒಳಗೊಳಗೆ ಬದಲಿಸುತ್ತಿರುತ್ತದೆ. ಅದಕ್ಕೆ ತಯಾರಿಸಿದವರೇ ಕೊಡುವ ಅಳಿಸುವ ಸಾಧನ ಬಳಸಬೇಕು.

ಮಾರಾಟದ ಬರಹದ ಮೊದಲ ಸಾಲಿನಲ್ಲೇ “ಬ್ಯಾಟರಿ ಇಲ್ಲ, ಅಡಾಪ್ಟರಿನ ಮೇಲೆ ಮಾತ್ರ ಓಡುತ್ತದೆ, ಡಿಸ್ಕ್ ಖಾಲಿ” ಅಂತ ಹಾಕಿದೆ. ಖಾಲಿ ಬ್ಯಾಟರಿ ಗೂಡಿನದೂ ಒಂದು ಫೋಟೊ. ಕೇಳಿದವರು ಕಡಿಮೆ, ಆದರೆ ಬಂದವನು ಅದನ್ನೇ ಹುಡುಕುತ್ತಿದ್ದವನು. ಅವನ ಹತ್ತಿರ ಅದೇ ಮಾಡೆಲ್ ಇತ್ತು, ಪರದೆ ಒಡೆದಿತ್ತಂತೆ.

ಫೋನುಗಳು ಮೂರು. ಅವುಗಳಲ್ಲಿ ಒಂದೇ ಎಚ್ಚರಿಕೆ: ಫ್ಯಾಕ್ಟರಿ ರೀಸೆಟ್ ಮಾಡುವ ಮುಂಚೆ ಅಕೌಂಟಿನಿಂದ ಹೊರಗೆ ಬನ್ನಿ. ಹಾಗೇ ರೀಸೆಟ್ ಮಾಡಿದರೆ ಕಳ್ಳತನ ತಡೆಯುವ ಬೀಗ ಉಳಿದುಬಿಡಬಹುದು, ಕೊಂಡವರಿಗೆ ಹಳೇ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ.

ಹೊರಡಲು 24 ದಿನ: ಬೀರು

ಟೇಪಿನ ಮೇಲೆ: “ಒಳಗೆ ಹೋಗುತ್ತಾ?”

ಮರದ ಬೀರು, ಎತ್ತರ 200 ಸೆಂ.ಮೀ., ಅಗಲ 90, ಆಳ 60. ಹೊಸ ಮನೆಯಲ್ಲಿ ಅದಕ್ಕೆ ಗೊತ್ತುಮಾಡಿದ್ದು ಮೇಲಿನ ಕೋಣೆ, ಸೂರು ತಗ್ಗು, ನೆಲದಿಂದ 205. ಐದು ಸೆಂ.ಮೀ. ಮಿಕ್ಕಿತು, ಹೋಗುತ್ತೆ ಅಂತ ಅಮ್ಮ ಆಗಲೇ ಅದರೊಳಗೆ ಏನಿಡಬೇಕು ಅಂತ ಯೋಚಿಸುತ್ತಿದ್ದರು.

ಆದರೆ ಬಾಗಿಲ ಎತ್ತರ 185, ಅಗಲ 75. ನಿಂತುಕೊಂಡು ಬೀರು ಒಳಗೆ ಹೋಗುವುದಿಲ್ಲ. ಪಕ್ಕಕ್ಕೆ ಮಲಗಿಸಿದರೆ 60 ಅಗಲ, 90 ಎತ್ತರದ ಪೆಟ್ಟಿಗೆಯಾಗಿ ಆರಾಮಾಗಿ ಹೋಗುತ್ತದೆ. ತೊಂದರೆ ಇರುವುದು ಒಳಗೆ ಹೋದ ಮೇಲೆ. ಮಲಗಿದ್ದನ್ನು ಎತ್ತಿ ನಿಲ್ಲಿಸುವಾಗ ಅದರ ಮೂಲೆ ಸೂರಿನ ಕಡೆ ಏರುತ್ತದೆ. ಆಗ ಬೇಕಾಗುವ ಎತ್ತರ 200 ಅಲ್ಲ, ಮೂಲೆಯಿಂದ ಮೂಲೆಗಿರುವ ಅಡ್ಡ ಅಳತೆ. 200ರ ವರ್ಗ, 90ರ ವರ್ಗ ಕೂಡಿ ವರ್ಗಮೂಲ ತೆಗೆದರೆ 219. ಪಕ್ಕದ ಮೇಲಿಂದ ಎತ್ತಿದರೆ ಸೂರಿಗೆ ತಗಲುತ್ತದೆ. ಕೋಣೆಯೊಳಗೇ ಒಮ್ಮೆ ಹೊರಳಿಸಿ ಬೆನ್ನ ಮೇಲೆ ಮಲಗಿಸಿ, ಅಲ್ಲಿಂದ ಎತ್ತಿದರೆ 90ರ ಬದಲು ಆಳ 60 ಲೆಕ್ಕಕ್ಕೆ ಬರುತ್ತದೆ. ಆಗ ಸುಮಾರು 209. ಅದೂ ಆಗಲ್ಲ.

ಮಾರಾಟಕ್ಕೆ ಹಾಕೋಣ ಅಂತ ಫೋಟೊ ತೆಗೆಯಲು ಬಗ್ಗಿದಾಗ ಕೆಳಗಿನ ಪೀಠ ಕಣ್ಣಿಗೆ ಬಿತ್ತು. ಬೀರಿನ ಬುಡದಲ್ಲಿ 10 ಸೆಂ.ಮೀ. ಎತ್ತರದ ಪೀಠ, ಒಳಗಿನಿಂದ ಎಂಟು ಬೋಲ್ಟು. ಅದನ್ನು ಕಳಚಿದರೆ ಮೈ ಎತ್ತರ 190. ಬೆನ್ನ ಮೇಲಿಂದ ಎತ್ತಿದರೆ ಬೇಕಾಗುವುದು 199.2. ಸೂರು 205. ನಿಲ್ಲಿಸಿದ ಮೇಲೆ ಪೀಠವನ್ನು ಕೆಳಗೆ ತೂರಿಸಬಹುದು. ‘ಇಟ್ಟುಕೋ’.

ಅದರ ಪಕ್ಕದ ಪುಸ್ತಕದ ಶೆಲ್ಫಿಗೆ ಮಾತ್ರ ಲೆಕ್ಕವೇ ಬೇಕಾಗಲಿಲ್ಲ. ಅದು ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ನೆಲ ಒರೆಸುವ ನೀರು ಕುಡಿದು ಕೆಳಗಿನ ಅಂಚು ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಒಮ್ಮೆ ಉಬ್ಬಿದ್ದು ಒಣಗಿದರೂ ಇಳಿಯುವುದಿಲ್ಲ. ಒಂದು ಸ್ಕ್ರೂ ತಿರುಗಿಸಿ ನೋಡಿದೆ, ಹಿಡಿತವೇ ಇಲ್ಲದೆ ಸುತ್ತುತ್ತಲೇ ಇತ್ತು, ಜೊತೆಗೆ ಪುಡಿ ಉದುರಿತು. ಗಟ್ಟಿ ಮರವಾಗಿದ್ದರೆ ತೂತಿಗೆ ಅಂಟು ಹಚ್ಚಿದ ಕಡ್ಡಿ ತುಂಬಿ ಸ್ಕ್ರೂ ಹಾಕಬಹುದಿತ್ತು. ಇಲ್ಲಿ ಕಡ್ಡಿಯನ್ನು ಹಿಡಿಯಲೂ ಏನೂ ಉಳಿದಿಲ್ಲ. ಇಂಥದ್ದನ್ನು ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಿದರೆ ನಿಲ್ಲುವುದಿಲ್ಲ, ಬೇರೆಯವರಿಗೆ ಕೊಟ್ಟರೂ ಅಷ್ಟೇ. ಹಿಡಿಕೆ, ಕೀಲು ಬಿಚ್ಚಿಟ್ಟುಕೊಂಡು ಹಲಗೆಯನ್ನು ದೊಡ್ಡ ಕಸ ಒಯ್ಯುವವರಿಗೆ ಬರೆದಿಟ್ಟೆ. ಸುಡಲು ಕೇಳಿದರೂ ಕೊಡಲಿಲ್ಲ, ಅದರಲ್ಲಿರುವ ಅಂಟಿನ ಹೊಗೆ ಒಳ್ಳೆಯದಲ್ಲ.

ಹೊರಡಲು 20 ದಿನ: ಒಂದು ಬಲ್ಬು ಒಡೆಯಿತು

ಹಳೇ ಸಿಎಫ್‌ಎಲ್ ಬಲ್ಬುಗಳ ರಟ್ಟಿನ ಪೆಟ್ಟಿಗೆಯ ತಳ ಬಿಟ್ಟು, ಒಂದು ನೆಲಕ್ಕೆ ಬಿದ್ದು ಚೂರಾಯಿತು. ನಾನು ಪೊರಕೆಗೆ ಕೈ ಹಾಕಿದೆ. “ರೀ, ಪೊರಕೆ ಮುಟ್ಟಬೇಡಿ!” ಅಂತ ಅಡುಗೆಮನೆಯಿಂದ ಕೂಗು ಬಂತು. ಅವಳೇ ಸರಿ. ಇದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಗುಡಿಸಿದರೆ, ವ್ಯಾಕ್ಯೂಮ್ ಹಾಕಿದರೆ ಅದು ಕೋಣೆಯ ಗಾಳಿಗೆಲ್ಲ ಹರಡುತ್ತದೆ.

ಕಿಟಕಿ ತೆರೆದು, ಬಾಗಿಲು ಮುಚ್ಚಿ, ಎಲ್ಲರೂ ಹತ್ತು ನಿಮಿಷ ಆಚೆ ಇದ್ದೆವು. ಆಮೇಲೆ ಕೈಗವಸು ಹಾಕಿಕೊಂಡು ಎರಡು ಗಟ್ಟಿ ರಟ್ಟಿನ ತುಂಡಿನಿಂದ ಚೂರುಗಳನ್ನು ಒಟ್ಟುಮಾಡಿ ಗಾಜಿನ ಜಾಡಿಗೆ ತುಂಬಿದೆ. ಉಳಿದ ಬಿಳಿ ಪುಡಿಯನ್ನು ಟೇಪಿನ ಅಂಟಿನ ಕಡೆಯಿಂದ ಒತ್ತಿ ಒತ್ತಿ ತೆಗೆದೆ, ಕೊನೆಗೆ ಒದ್ದೆ ಕಾಗದದಿಂದ ಒರೆಸಿದೆ. ರಟ್ಟು, ಟೇಪು, ಕಾಗದ ಎಲ್ಲವೂ ಜಾಡಿಯೊಳಗೆ. ಮುಚ್ಚಳ ಇಲ್ಲಿ ಬಿಗಿಯಾಗಿಯೇ ಇರಬೇಕು, ಬ್ಯಾಟರಿ ಡಬ್ಬದ ಹಾಗಲ್ಲ. ಒಡೆಯದ ಬಲ್ಬುಗಳೂ, ಜಾಡಿಯೂ ಇ-ತ್ಯಾಜ್ಯದವರಿಗೇ. ಎಲ್ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ, ಆದರೂ ಅವೂ ಅಲ್ಲಿಗೇ ಹೋಗಬೇಕಾದವು.

ಹೊರಡಲು 18 ದಿನ

ರಿಪೇರಿ ಬಂದ್. ಮೂರು ಸಾಮಾನು ಅರ್ಧಕ್ಕೇ ನಿಂತಿದ್ದವು. ಬಿಡಿಭಾಗ ಬರಬೇಕಾಗಿದ್ದ ಒಂದು ಮಿಕ್ಸಿಯೂ ಅದರಲ್ಲಿತ್ತು. ಇನ್ನೆರಡು ದಿನ ಕಾಯಬಹುದಿತ್ತು. ಕಾಯಲಿಲ್ಲ.

ವೈರುಗಳ ಡಬ್ಬ ಇವತ್ತು ಮುಗಿಸಿದೆ. ನಿಯಮ ಒಂದೇ, ಯಾವ ಸಾಮಾನಿನದು ಅಂತ ಆ ಸಾಮಾನನ್ನು ತಂದು ತೋರಿಸಬೇಕು. 34 ಅಡಾಪ್ಟರುಗಳಲ್ಲಿ ಆರಕ್ಕೆ ಸಾಮಾನು ಸಿಕ್ಕಿತು. ಪಿನ್ನು ಕೂತಿತು ಅಂದಮಾತ್ರಕ್ಕೆ ಜೋಡಿ ಅಂತ ಅಲ್ಲ. ಮೈಮೇಲೆ ಬರೆದ ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಸಣ್ಣ ವೃತ್ತದ ಚಿತ್ರದಲ್ಲಿ ತೋರಿಸಿದ ಪ್ಲಸ್ ಮೈನಸ್ ಒಂದೇ ಕಡೆ ಇರಬೇಕು. 12 ವೋಲ್ಟಿನ ಒಂದು ಅಡಾಪ್ಟರ್ 5 ವೋಲ್ಟಿನ ಸ್ಪೀಕರಿಗೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಸ್ವಿಚ್ ಹಾಕುವ ಮುಂಚೆ ಓದಿದ್ದು ಪುಣ್ಯ.

ಹೊರಡಲು 7 ದಿನ

ಮಾರಾಟ ಬಂದ್. ಒಂಬತ್ತು ಹೋದವು. ಹೋಗದವು ಅಂದೇ ಸಂಜೆ ‘ಕೊಡು’ ಚೌಕಕ್ಕೆ ಇಳಿದವು. ಒಬ್ಬರು ನಾಳೆ ಬರ್ತೀನಿ ಅಂತ ಐದು ದಿನದಿಂದ ಹೇಳುತ್ತಿದ್ದರು, ಅವರ ಮೇಜೂ ಇಳಿಯಿತು.

ಕೊಡುವ ಮುಂಚೆ ಒಂದು ವೃದ್ಧಾಶ್ರಮಕ್ಕೆ ಫೋನ್ ಮಾಡಿ ಏನು ಬೇಕು ಅಂತ ಕೇಳಿದೆ, ನಮ್ಮ ಹತ್ತಿರ ಏನಿದೆ ಅಂತ ಹೇಳಲಿಲ್ಲ. ಹೇಳಿದರೆ ದಾಕ್ಷಿಣ್ಯಕ್ಕೆ ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಆಮೇಲೆ ಅವರ ಅಟ್ಟ ತುಂಬುತ್ತದೆ. ಫ್ಯಾನು ಬೇಕಂತೆ. ಕೈ ಇರುವ ಕುರ್ಚಿ ಬೇಕಂತೆ, ಎದ್ದೇಳುವಾಗ ಹಿಡಿದುಕೊಳ್ಳಲು. ಕೈ ಇಲ್ಲದ ಕುರ್ಚಿಗಳು ಬೇಡ. ಇದು ನನಗೆ ಹೊಳೆದೇ ಇರಲಿಲ್ಲ. ಫ್ಯಾನನ್ನು ಅಲ್ಲೇ ಹಾಕಿ ಒಂದನೇ ಸ್ಪೀಡಿನಲ್ಲಿ ಎದ್ದೇಳುವುದನ್ನು ತೋರಿಸಿದೆ. ಟೋಪಿ ಬಲಕ್ಕೆ ತಿರುಗಿಸಿ ಬಿಚ್ಚಬೇಕು ಅಂತ ಹಿಂದೆ ಟೇಪಿನ ಮೇಲೆ ಬರೆದಿಟ್ಟು ಬಂದೆ.

ಹೊರಡಲು 2 ದಿನ

ಮರಳಿನ ಡಬ್ಬ ಒಂದು ಕೈಯಲ್ಲಿ, ಗಾಜಿನ ಜಾಡಿ ಇನ್ನೊಂದು ಕೈಯಲ್ಲಿ ಹಿಡಿದು ಇ-ತ್ಯಾಜ್ಯದವರ ಹತ್ತಿರ ಹೋದೆ. ಎರಡೂ ತಗೊಂಡರು. ಮರಳು ವಾಪಸು ಕೊಟ್ಟರು.

ಲೆಕ್ಕ ಹೀಗಾಯಿತು: ಇಟ್ಟುಕೊಂಡದ್ದು 15, ಮಾರಿದ್ದು 9, ಕೊಟ್ಟದ್ದು 12, ಇ-ತ್ಯಾಜ್ಯಕ್ಕೆ 17, ಗುಜರಿ ಮತ್ತು ಕಸಕ್ಕೆ 8. ಇಟ್ಟುಕೊಂಡ 15ರಲ್ಲಿ ಒಂದು ಅಪ್ಪನ ರೇಡಿಯೊ. ಅದರ ಟೇಪಿನ ಮೇಲೆ “ಹಾಡುತ್ತಾ?” ಅಂತ ಬರೆದಿದ್ದೆ. ಹಾಡುವುದಿಲ್ಲ. “ಅದು ಹಾಡೋದೇನೂ ಬೇಡ ಕಣೋ, ಇರ್ಲಿ ಬಿಡು” ಅಂದರು ಅಮ್ಮ. ಒಳಗಿನ ಸೆಲ್ಲುಗಳನ್ನು ಮಾತ್ರ ತೆಗೆದೆ, ಸೋರಿ ತಗಡು ತಿನ್ನದಿರಲಿ ಅಂತ. ಟೇಪನ್ನು ಅಮ್ಮನೇ ಕಿತ್ತರು.

ಹೊಸ ಮನೆ

ಬೀರನ್ನು ಪಕ್ಕಕ್ಕೆ ಮಲಗಿಸಿ ಒಳಗೆ ತಂದೆವು. ಸಾಮಾನು ಸಾಗಿಸಲು ಬಂದವರು ಹಾಗೇ ಎತ್ತಲು ಹೋದರು, ನಿಲ್ಲಿಸಿ ಅಂದೆ. ಬೆನ್ನ ಮೇಲೆ ಹೊರಳಿಸಿ ಎತ್ತಿದಾಗ ಮೂಲೆ ಸೂರಿನ ಹತ್ತಿರ ಹೋಗಿ, ಮೂರು ಬೆರಳಗಲ ಬಿಟ್ಟು, ದಾಟಿತು. ಪೀಠ ತೂರಿಸಿದೆವು. ಬೋಲ್ಟುಗಳನ್ನು ಚೀಲದಲ್ಲಿ ಹಾಕಿ ಬೀರಿನೊಳಗೇ ಟೇಪಿನಿಂದ ಅಂಟಿಸಿದ್ದೆ. ಎಣಿಸಿದರೆ ಏಳು. ಎಂಟನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀರು ಏಳರ ಮೇಲೇ ನಿಂತಿದೆ.